ಕಾಗದ ತಿರುಗಿಸಿದಾಗ ತಿಳಿದದ್ದು

ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೇ ಇಯತ್ತೆಯವರೆಗೆ ಓದಿದ್ದು ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ. ಪುಣೆಗೆ ಬಂದ ಮೇಲೆ ಪಾಠ ಇಂಗ್ಲಿಷಿನಲ್ಲಿ, ಓಣಿಯ ಮಾತು ಮರಾಠಿಯಲ್ಲಿ. ಆದರೆ ಯಾವುದೇ ಲೆಕ್ಕ ನನ್ನ ತಲೆಯೊಳಗೆ ಇಳಿಯಬೇಕಾದರೆ ಕನ್ನಡದಲ್ಲೇ ಇಳಿಯಬೇಕು. ಇಳಿಯದಿದ್ದಾಗ ಬಾಯಿಪಾಠ ಮಾಡುತ್ತೇನೆ. ಹಾಗೆ ಮಾಡಿ ಕಳೆದ ಪರೀಕ್ಷೆಯಲ್ಲಿ ಐದು ಅಂಕ ಕಳೆದುಕೊಂಡ ಕತೆ ಇದು.

ಪ್ರಶ್ನೆ ಸಣ್ಣದು. y = 1/√x ಎಂಬ ರೇಖೆಯ ಕೆಳಗೆ, x ಸೊನ್ನೆಯಿಂದ ಒಂದರವರೆಗೆ, ಇರುವ ವಿಸ್ತೀರ್ಣಕ್ಕೆ ಒಂದು ಗೊತ್ತಾದ ಬೆಲೆ ಇದೆಯೋ ಇಲ್ಲವೋ? ಬೆಲೆ ಇದ್ದರೆ ಇಂಟಿಗ್ರಲ್ ಕನ್ವರ್ಜ್ ಆಯಿತು ಅನ್ನುತ್ತಾರೆ, ಇಲ್ಲದಿದ್ದರೆ ಡೈವರ್ಜ್. ನನಗೆ ಬಾಯಿಪಾಠವಾಗಿದ್ದ ನಿಯಮ ಹೀಗಿತ್ತು: 1/x^p ಯಲ್ಲಿ p ಒಂದಕ್ಕಿಂತ ಹೆಚ್ಚಿದ್ದರೆ ಕನ್ವರ್ಜ್, ಇಲ್ಲವಾದರೆ ಡೈವರ್ಜ್. ಇಲ್ಲಿ p ಅರ್ಧ. ಧೈರ್ಯವಾಗಿ ಡೈವರ್ಜ್ ಎಂದು ಬರೆದು ಬಂದೆ. ಸೊನ್ನೆ ಬಿತ್ತು.

ರೂಮಿನಲ್ಲಿ ನನ್ನ ಜೊತೆ ಇರುವ ಬಿ.ಎಸ್ಸಿ. ಗೆಳೆಯ ಪೇಪರ್ ನೋಡಿ ನಕ್ಕ. "ಸೂತ್ರ ಖರೇನ ಐತಿ. ಆದ್ರ ಅದು ಆ ತುದೀದು, ನೀ ಕೂತಿದ್ದು ಈ ತುದಿಗೆ" ಅಂದ. ಆಮೇಲೆ ಕಾಗದ, ಪೆನ್ಸಿಲ್ ತಗೊಂಡು ಅವನು ತೋರಿಸಿದ್ದನ್ನೇ ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೊದಲು ದೂರದ ತುದಿ, ಅಂದರೆ ಅನಂತದ ಕಡೆ. 1/x ರೇಖೆಯನ್ನು x = 1 ರಿಂದ ಬಲಕ್ಕೆ ಎಳೆಯಿರಿ. ಅದು ನೆಲದ ಹತ್ತಿರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. ಕೆಳಗಿನ ಜಾಗವನ್ನು 1 ರಿಂದ 2, 2 ರಿಂದ 4, 4 ರಿಂದ 8 ಹೀಗೆ ತುಂಡು ಮಾಡಿ. ಪ್ರತಿ ತುಂಡಿನ ಅಗಲ ಹಿಂದಿನದಕ್ಕಿಂತ ಎರಡರಷ್ಟು, ಎತ್ತರ ಹಿಂದಿನದರ ಅರ್ಧ. ಹಾಗಾದರೆ ವಿಸ್ತೀರ್ಣ ಅಷ್ಟಕ್ಕಷ್ಟೇ. ಮೊದಲ ತುಂಡು 0.693, ಎರಡನೆಯದೂ 0.693, ನೂರನೆಯದೂ 0.693. ಕೂಡಿಸುತ್ತ ಹೋದರೆ ಮೊತ್ತ ಎಲ್ಲಿಯೂ ನಿಲ್ಲದು.

ಈಗ 1/x² ತಗೊಳ್ಳಿ. ಅಗಲ ಎರಡರಷ್ಟೇ, ಆದರೆ ಎತ್ತರ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರತಿ ತುಂಡು ಹಿಂದಿನದರ ಅರ್ಧ: ಅರ್ಧ, ಕಾಲು, ಅರೆಕಾಲು... ಎಲ್ಲಾ ಸೇರಿ ಒಂದು. ರೇಖೆಗೆ ಕೊನೆಯಿಲ್ಲ, ವಿಸ್ತೀರ್ಣಕ್ಕೆ ಕೊನೆಯಿದೆ. ಇನ್ನು 1/√x ನಲ್ಲಿ ಎತ್ತರ 0.707 ರಷ್ಟಕ್ಕೆ ಮಾತ್ರ ಇಳಿಯುತ್ತದೆ, ಅಗಲದ ಹೆಚ್ಚಳವೇ ಗೆಲ್ಲುತ್ತದೆ, ತುಂಡುಗಳು ದೊಡ್ಡದಾಗುತ್ತ ಹೋಗುತ್ತವೆ. ಒಟ್ಟಿನಲ್ಲಿ ಒಂದು ತುಂಡಿಗೂ ಮುಂದಿನದಕ್ಕೂ ಇರುವ ಪ್ರಮಾಣ 2^(1−p). p ಒಂದನ್ನು ದಾಟಿದರೆ ಈ ಪ್ರಮಾಣ ಒಂದಕ್ಕಿಂತ ಕಡಿಮೆ, ಮೊತ್ತ 1/(p−1) ಕ್ಕೆ ನಿಲ್ಲುತ್ತದೆ. ಶಾಲೆಯ ಗುಣೋತ್ತರ ಶ್ರೇಢಿಯೇ ಇದು.

"ಇಷ್ಟೆಲ್ಲ ಯಾಕ, ಕ್ಯಾಲ್ಕ್ಯುಲೇಟರಿನಾಗ ಹಾಕಿ ನೋಡಿದ್ರ ಆತಲ್ಲ?" ಎಂದೆ. ಅವನು ಎರಡು ಲೆಕ್ಕ ಮಾಡಿಸಿದ. 1/x ನ ವಿಸ್ತೀರ್ಣ ಒಂದರಿಂದ ಹತ್ತು ಲಕ್ಷದವರೆಗೆ 13.8. 1/x^1.01 ನದು ಅಲ್ಲಿಯವರೆಗೆ 12.9. ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಎರಡನೆಯದು ಕೊನೆಗೆ 100 ರೊಳಗೆ ನಿಲ್ಲುವಂಥದ್ದು, ಮೊದಲನೆಯದು ನಿಲ್ಲುವಂಥದ್ದೇ ಅಲ್ಲ. ಎಷ್ಟು ದೂರ ಕೂಡಿಸಿದರೂ ಕಣ್ಣಿಗೆ ಕಾಣದ ಈ ಭೇದವನ್ನು p ಒಂದೇ ಹೇಳುತ್ತದೆ.

ಇನ್ನು ನಾನು ಎಡವಿದ ತುದಿ. ಸೊನ್ನೆಯ ಹತ್ತಿರ 1/√x ಮೇಲಕ್ಕೆ ಏರುತ್ತ ಏರುತ್ತ ಹೋಗುತ್ತದೆ. ಗೆಳೆಯ ಚಿತ್ರ ಬರೆದು ಕಾಗದವನ್ನು ಮಗ್ಗುಲಿಗೆ ತಿರುಗಿಸಿ, ಹಿಂಬದಿಯಿಂದ ಟ್ಯೂಬ್‌ಲೈಟಿಗೆ ಹಿಡಿದ. ನಿಂತಿದ್ದ y ಗೆರೆ ಮಲಗಿತು, ಮಲಗಿದ್ದ x ಗೆರೆ ಎದ್ದು ನಿಂತಿತು. ಮೇಲೇರುತ್ತಿದ್ದ ಬಾಲ ಈಗ ಬಲಕ್ಕೆ ಚಾಚಿಕೊಂಡಿತು. y = 1/√x ಅಂದರೆ x = 1/y² ತಾನೆ? ನನ್ನ ಮುಂದೆ ಇದ್ದದ್ದು ಆಗಲೇ ನೋಡಿದ್ದ 1/x² ನ ಬಾಲವೇ! ಅದರ ವಿಸ್ತೀರ್ಣ ಒಂದು. ಅದರ ಪಕ್ಕದಲ್ಲಿ ಉಳಿದದ್ದು ಒಂದಕ್ಕೆ ಒಂದರ ಚೌಕ, ಅದೂ ಒಂದು. ಒಟ್ಟು ಎರಡು. ಸೂತ್ರದಿಂದ ತಾಳೆ ನೋಡಿ: 2√x ನ ಬೆಲೆ ಒಂದರಲ್ಲಿ 2, ಸೊನ್ನೆಯಲ್ಲಿ 0. ಉತ್ತರ ಎರಡೇ.

ಹೀಗೆ ಸೊನ್ನೆಯ ಬಳಿ p ಇದ್ದದ್ದು ಕಾಗದ ತಿರುಗಿಸಿದರೆ ಅನಂತದ ಬಳಿ 1/p ಆಗುತ್ತದೆ. 1/p ಒಂದಕ್ಕಿಂತ ಹೆಚ್ಚಿರಬೇಕು, ಅಂದರೆ p ಒಂದಕ್ಕಿಂತ ಕಡಿಮೆ ಇರಬೇಕು. ನಿಯಮ ಯಾಕೆ ತಿರುವುಮುರುವಾಗುತ್ತದೆ ಎಂಬುದು ಇಷ್ಟೇ. 1/x ಮಾತ್ರ ಹೇಗೆ ತಿರುಗಿಸಿದರೂ ಅದೇ 1/x, ಹಾಗಾಗಿ ಎರಡೂ ತುದಿಗಳಲ್ಲಿ ಡೈವರ್ಜ್. ಸೊನ್ನೆಯಿಂದ ಅನಂತದವರೆಗೆ ಪೂರ್ತಿ ತಗೊಂಡರೆ ಯಾವ p ಗೂ ಉತ್ತರವಿಲ್ಲ, ಒಂದು ತುದಿಗೆ ಒಗ್ಗಿದ್ದು ಇನ್ನೊಂದು ತುದಿಗೆ ಒಗ್ಗದು.

ಸೊನ್ನೆ ಕೆಲವೊಮ್ಮೆ ನಡುವೆ ಅಡಗಿ ಕೂತಿರುತ್ತದೆ. 1/x² ನ್ನು −1 ರಿಂದ 1 ರವರೆಗೆ ಇಂಟಿಗ್ರೇಟ್ ಮಾಡಿ ಅಂದರೆ ನಾವು −1/x ಬರೆದು, ಬೆಲೆ ಹಾಕಿ, −2 ಎಂದು ಗೆರೆ ಎಳೆಯುತ್ತೇವೆ. ಆದರೆ 1/x² ಎಲ್ಲಿಯೂ ಋಣ ಅಲ್ಲ, ಅದರ ವಿಸ್ತೀರ್ಣ ಋಣ ಆಗುವುದೆಂತು? ತಪ್ಪು ಹಿಡಿಯಲು ಇದೇ ಗುರುತು. ಸೊನ್ನೆಯಲ್ಲಿ ಎರಡು ಭಾಗ ಮಾಡಿ ನೋಡಿದರೆ, p ಎರಡು, ತುದಿ ಸೊನ್ನೆ, ಆದ್ದರಿಂದ ಡೈವರ್ಜ್.

ಕಾಮರ್ಸಿನವರಿಗೆ ಇದರಿಂದ ಏನು ಕೆಲಸ ಎಂದು ಕೇಳುವವರಿಗೆ ಒಂದು ಉದಾಹರಣೆ. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ 1890ರ ದಶಕದಲ್ಲಿ ಆದಾಯದ ಅಂಕಿಅಂಶ ನೋಡಿ, x ಗಿಂತ ಹೆಚ್ಚು ಗಳಿಸುವವರ ಪಾಲು ಮೇಲುತುದಿಯಲ್ಲಿ 1/x^a ಯಂತೆ ಇಳಿಯುತ್ತದೆ ಎಂದ. ಅವನಿಗೆ a ಸುಮಾರು ಒಂದೂವರೆ ಸಿಕ್ಕಿತ್ತು. ಆಗ ಸರಾಸರಿ ಆದಾಯಕ್ಕೆ 1/x^a ಯನ್ನು ಅನಂತದವರೆಗೆ ಕೂಡಿಸಬೇಕು. p ಒಂದೂವರೆ, ಸರಾಸರಿ ಇದೆ. ಸ್ಟ್ಯಾಂಡರ್ಡ್ ಡೀವಿಯೇಶನ್ನಿಗೆ 1/x^(a−1) ಕೂಡಿಸಬೇಕು. p ಅರ್ಧ, ಅದು ನಿಲ್ಲುವುದಿಲ್ಲ. ನಿಜವಾದ ಊರಿನಲ್ಲಿ ಯಾರ ಆದಾಯವೂ ಅನಂತವಲ್ಲ, ಹಾಗಾಗಿ ಲೆಕ್ಕ ಮಾಡಿದರೆ ಏನೋ ಒಂದು ಅಂಕಿ ಬಂದೇ ಬರುತ್ತದೆ. ಆದರೆ ಹೆಚ್ಚು ಹೆಚ್ಚು ಜನರನ್ನು ಸೇರಿಸಿದಂತೆ ಆ ಅಂಕಿ ಒಂದು ಕಡೆ ನೆಲೆ ನಿಲ್ಲದೆ ದೊಡ್ಡದಾಗುತ್ತಲೇ ಹೋದರೆ, ಎಣಿಕೆಯಲ್ಲಿ ತಪ್ಪಿದೆ ಎನ್ನುವ ಮೊದಲು p ನೋಡಬೇಕು.

ಕಳೆದ ಐದು ಅಂಕ ತಿರುಗಿ ಬರಲಿಲ್ಲ. ಆ ಕಾಗದ ಮಾತ್ರ ನನ್ನ ನೋಟ್‌ಬುಕ್ಕಿನೊಳಗೆ ಇದೆ. ಯಾರಾದರೂ ಸೂತ್ರ ಕೇಳಿದರೆ "ಯಾವ ತುದಿ?" ಎಂದು ಮೊದಲು ಕೇಳಿ, ಅದನ್ನೇ ತೆಗೆದು ಬೆಳಕಿಗೆ ಹಿಡಿಯುತ್ತೇನೆ.