ಬಣ್ಣ ಬದಲಾದರೆ ಫೋಟೋ ನಿಮ್ಮದಾಗುತ್ತದೆಯೇ?

1981ರ ಡಿಸೆಂಬರಿನಲ್ಲಿ ಅಮೆರಿಕದ ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ತಮ್ಮ ಸ್ಟುಡಿಯೋದಲ್ಲಿ ಪ್ರಿನ್ಸ್ ಎಂಬ ಯುವ ಗಾಯಕನ ಕಪ್ಪು-ಬಿಳುಪು ಭಾವಚಿತ್ರ ತೆಗೆದರು. ಆತ ಇನ್ನೂ ದೊಡ್ಡ ತಾರೆಯಾಗಿರಲಿಲ್ಲ. ಮೂರು ವರ್ಷದಲ್ಲಿ ಆದ. ಆಗ ‘ವ್ಯಾನಿಟಿ ಫೇರ್’ ಪತ್ರಿಕೆಯವರು ಆ ಫೋಟೋ ನೋಡಿಕೊಂಡು ಒಂದು ಚಿತ್ರ ಬರೆಸುವುದಕ್ಕೆ 400 ಡಾಲರ್ ಕೊಟ್ಟು ಅನುಮತಿ ಪಡೆದರು. ಅನುಮತಿ ಒಂದೇ ಸಲದ ಬಳಕೆಗೆ, ಛಾಯಾಗ್ರಾಹಕಿಯ ಹೆಸರು ಹಾಕುವ ಷರತ್ತಿನ ಮೇಲೆ. ಚಿತ್ರ ಬರೆದವರು ಆ್ಯಂಡಿ ವಾರ್ಹಾಲ್. ಪ್ರಿನ್ಸ್‌ನ ಮುಖವನ್ನು ದೇಹದಿಂದ ಬೇರ್ಪಡಿಸಿ, ನೆರಳುಗಳನ್ನು ಚಪ್ಪಟೆ ಮಾಡಿ, ನೇರಳೆ ಬಣ್ಣ ಬಳಿದರು. ಪತ್ರಿಕೆಯಲ್ಲಿ ಅಚ್ಚಾಯಿತು, ಗೋಲ್ಡ್‌ಸ್ಮಿತ್ ಹೆಸರೂ ಬಂತು.

ಆದರೆ ವಾರ್ಹಾಲ್ ಅದೇ ಫೋಟೋದಿಂದ ಇನ್ನೂ 15 ಚಿತ್ರಗಳನ್ನು ಮಾಡಿದ್ದರು. ಅದು ಗೋಲ್ಡ್‌ಸ್ಮಿತ್‌ಗೆ ತಿಳಿದದ್ದು 2016ರಲ್ಲಿ, ಪ್ರಿನ್ಸ್ ತೀರಿಕೊಂಡ ಮೇಲೆ. ವ್ಯಾನಿಟಿ ಫೇರ್‌ನ ಮಾಲೀಕ ಸಂಸ್ಥೆ ಹೊರತಂದ ವಿಶೇಷ ಸಂಚಿಕೆಯ ಮುಖಪುಟದಲ್ಲಿ ಕಿತ್ತಳೆ ಬಣ್ಣದ ಪ್ರಿನ್ಸ್ ಇದ್ದ. ಅದಕ್ಕಾಗಿ ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಸಂದಿತ್ತು. ಗೋಲ್ಡ್‌ಸ್ಮಿತ್‌ಗೆ ಹಣವೂ ಇಲ್ಲ, ಹೆಸರೂ ಇಲ್ಲ.

ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರ ಮೇ ತಿಂಗಳಲ್ಲಿ 7–2 ಬಹುಮತದಿಂದ ಛಾಯಾಗ್ರಾಹಕಿಯ ಪರವಾಗಿ ತೀರ್ಮಾನವಾಯಿತು. ಪ್ರತಿಷ್ಠಾನದ ವಾದ ನಮ್ಮ ಎಷ್ಟೋ ಜನ ಹೇಳುವ ವಾದವೇ: ‘ನಾವು ಶೈಲಿ ಬದಲಾಯಿಸಿದ್ದೇವೆ, ಅರ್ಥವೇ ಬೇರೆಯಾಗಿದೆ, ಆದ್ದರಿಂದ ಇದು ಹೊಸ ಕೃತಿ.’ ನ್ಯಾಯಾಲಯ ಕೇಳಿದ ಪ್ರಶ್ನೆ ಬೇರೆ. ಈ ಚಿತ್ರವನ್ನು ಇಲ್ಲಿ ಯಾವ ಕೆಲಸಕ್ಕೆ ಬಳಸಿದ್ದೀರಿ? ಪ್ರಿನ್ಸ್ ಕುರಿತ ಪತ್ರಿಕೆಗೆ ಪ್ರಿನ್ಸ್‌ನ ಭಾವಚಿತ್ರವಾಗಿ. ಮೂಲ ಫೋಟೋವನ್ನು ಗೋಲ್ಡ್‌ಸ್ಮಿತ್ ಮಾರುತ್ತಿದ್ದುದೂ ಅದೇ ಕೆಲಸಕ್ಕೆ. ಹಾಗಿದ್ದ ಮೇಲೆ ಹೊಸ ಬಣ್ಣವೊಂದೇ ಸಮರ್ಥನೆಯಾಗದು ಎಂದಿತು. ವಾರ್ಹಾಲ್ ಆ ಚಿತ್ರಗಳನ್ನು ಬರೆದದ್ದೇ ತಪ್ಪು ಎಂದು ನ್ಯಾಯಾಲಯ ಹೇಳಲಿಲ್ಲ. ಪತ್ರಿಕೆಗೆ ಕೊಟ್ಟ ಆ ಒಂದು ಬಳಕೆಯನ್ನಷ್ಟೇ ತೂಗಿತು. ತೀರ್ಪಿನ ಬಗ್ಗೆ ಮಾತಾಡುವವರು ಈ ಮಿತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ವಾರ್ಹಾಲ್‌ಗೇ ಸಿಗದ ರಿಯಾಯಿತಿ ಫೋನಿನ ಫಿಲ್ಟರಿಗೆ ಸಿಗುತ್ತದೆಯೇ? ಭಾರತದ ಕಾನೂನಿನಲ್ಲಿ ದಾರಿ ಇನ್ನೂ ಇಕ್ಕಟ್ಟು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ಒಂದು ಕಲಾಕೃತಿ. ಅದನ್ನು ಮಾರ್ಪಡಿಸುವ ಹಕ್ಕು, ಸಾರ್ವಜನಿಕರಿಗೆ ತಲುಪಿಸುವ ಹಕ್ಕು ಎರಡೂ ಕೃತಿಸ್ವಾಮ್ಯ ಉಳ್ಳವರದು. ಸ್ವಂತ ಬಳಕೆ, ವಿಮರ್ಶೆ, ಪ್ರಚಲಿತ ಸುದ್ದಿಯ ವರದಿ ಇಂಥವುಗಳಿಗೆ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ನಿಮಗಿಷ್ಟವಾದ ಫೋಟೋವನ್ನು ತೈಲವರ್ಣದ ಹಾಗೆ ಮಾಡಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡರೆ ಸ್ವಂತ ಬಳಕೆ ಎನ್ನಬಹುದು. ಇನ್‌ಸ್ಟಾಗ್ರಾಮಿಗೆ ಏರಿಸಿದ ಕ್ಷಣ ಆ ಮಾತು ನಿಲ್ಲುವುದು ಕಷ್ಟ. ‘ದುಡ್ಡು ಮಾಡುತ್ತಿಲ್ಲವಲ್ಲ’ ಎಂಬ ಉತ್ತರ ನಷ್ಟದ ಲೆಕ್ಕದಲ್ಲಿ ನೆರವಾದೀತು, ಅನುಮತಿಯ ಬದಲಿಗೆ ಬಾರದು. ಹಾಗೆಯೇ ಮೂಲೆಯಲ್ಲಿರುವ ಸ್ಟುಡಿಯೋ ಹೆಸರನ್ನು ಬೇಕೆಂದೇ ಅಳಿಸಿದರೆ 65ಬಿ ಸೆಕ್ಷನ್ ಇದೆ. ಎರಡು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದಾದ ಅಪರಾಧ ಅದು.

ಸರಿ, ಅನುಮತಿ ಕೇಳಬೇಕಾದವರು ಯಾರು? ಇಲ್ಲಿ ತಿಳಿದವರೂ ತಡವರಿಸುತ್ತಾರೆ. ಒಂದು ಮದುವೆಯನ್ನು ಕಲ್ಪಿಸಿಕೊಳ್ಳಿ. ಹುಡುಗಿಯ ಅಪ್ಪ ದುಡ್ಡು ಕೊಟ್ಟು ಫೋಟೋಗ್ರಾಫರನ್ನು ಕರೆಸಿದ್ದಾರೆ. ಧಾರೆಯ ಹೊತ್ತಿನಲ್ಲಿ ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತಿರುವ ಒಂದು ಫೋಟೋ ಫ್ಯಾಮಿಲಿ ಗ್ರೂಪಿಗೆ ಬಂತು. ಚಿತ್ರಕಲೆ ಬಲ್ಲ ಸೋದರಮಾವನ ಮಗ ಅದನ್ನು ಟ್ಯಾಬ್‌ನಲ್ಲಿ ಜಲವರ್ಣದ ಶೈಲಿಗೆ ತಂದು ತನ್ನ ಪುಟದಲ್ಲಿ ಹಾಕಿದ. ಹೊಗಳಿಕೆ ಬಂದದ್ದೇ ತಡ, ಮುದ್ರಿಸಿ ಮಾರಲು ಶುರು ಮಾಡಿದ.

ತೆಗೆದವರದೇ ಫೋಟೋ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಕಾಯ್ದೆಯ 17ನೇ ಸೆಕ್ಷನ್ ಇಂಥ ಸಂದರ್ಭಕ್ಕೆ ಬೇರೆಯೇ ಹೇಳುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೋದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಅಂದರೆ ಇಲ್ಲಿ ಹುಡುಗಿಯ ಅಪ್ಪನದು. ಸ್ಟುಡಿಯೋ ಕೊಟ್ಟ ಕರಾರುಪತ್ರದಲ್ಲಿ ‘ಹಕ್ಕು ನಮ್ಮದು’ ಎಂಬ ಸಾಲಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಮೊದಲು ಆ ಕಾಗದ ನೋಡಬೇಕು. ಹಕ್ಕು ಅಪ್ಪನದೇ ಆದರೂ ಫೋಟೋಗ್ರಾಫರ್ ಪೂರ್ತಿ ಹೊರಗುಳಿಯುವುದಿಲ್ಲ. 57ನೇ ಸೆಕ್ಷನ್ನಿನ ಪ್ರಕಾರ, ಇದು ತೆಗೆದದ್ದು ನಾನು ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು ಅವರ ಬಳಿಯೇ ಇರುತ್ತದೆ.

ಹುಡುಗಿಯ ಮಾತು ಈವರೆಗೆ ಬರಲೇ ಇಲ್ಲ, ಗಮನಿಸಿದಿರಾ? ಕೃತಿಸ್ವಾಮ್ಯದ ಕಾಯ್ದೆಯಲ್ಲಿ ಆಕೆಗೆ ಜಾಗವಿಲ್ಲ. ಅಪ್ಪ ‘ಮಾರಿಕೋ ಮಾರಾಯ’ ಎಂದುಬಿಟ್ಟರೆ ಕೃತಿಸ್ವಾಮ್ಯದ ತಕರಾರು ಮುಗಿಯಿತು. ಆದರೆ ಅಳುತ್ತಿರುವ ಮುಖ ಆಕೆಯದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಿದೆ. ತನ್ನ ಮುಖವನ್ನು ಸರಕಾಗಿ ಬಳಸಬೇಡಿ ಎಂದು ಆಕೆ ಹೇಳಿದರೆ ಅದಕ್ಕೆ ಕಾನೂನಿನ ಬಲವೂ ಇದೆ. ಜಲವರ್ಣದಲ್ಲೂ ನೆಂಟರಿಷ್ಟರು ಗುರುತು ಹಿಡಿಯುತ್ತಾರೆ ಎಂದಾದರೆ ಶೈಲಿ ಬದಲಾದದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈ ಎರಡು ಅನುಮತಿಗಳು ಬೇರೆ ಬೇರೆ ಎಂಬುದಕ್ಕೆ 2007ರ ಒಂದು ಪ್ರಕರಣ ಸಾಕ್ಷಿ. ಅಮೆರಿಕದ ಟೆಕ್ಸಸ್‌ನ ಹದಿಹರೆಯದ ಹುಡುಗಿಯೊಬ್ಬಳ ಫೋಟೋವನ್ನು ಪರಿಚಿತರೊಬ್ಬರು ಫ್ಲಿಕರ್‌ನಲ್ಲಿ ಹಾಕಿದ್ದರು. ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅದಕ್ಕಿತ್ತು. ವರ್ಜಿನ್ ಮೊಬೈಲ್‌ನ ಆಸ್ಟ್ರೇಲಿಯಾ ಶಾಖೆ ಅದನ್ನು ಕತ್ತರಿಸಿ, ಗೇಲಿಯ ಒಕ್ಕಣೆ ಸೇರಿಸಿ ಜಾಹೀರಾತು ಮಾಡಿತು. ಫೋಟೋ ತೆಗೆದವರು ಪರವಾನಗಿ ಕೊಟ್ಟಿದ್ದರು, ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಮನೆಯವರು ಟೆಕ್ಸಸ್‌ನಲ್ಲಿ ಮೊಕದ್ದಮೆ ಹೂಡಿದರು. ಆಸ್ಟ್ರೇಲಿಯಾದ ಕಂಪನಿಯ ಮೇಲೆ ತನಗೆ ಅಧಿಕಾರವಿಲ್ಲವೆಂದು ಅಲ್ಲಿನ ನ್ಯಾಯಾಲಯ ಅದನ್ನು ವಜಾ ಮಾಡಿತು. ಮುಕ್ತ ಪರವಾನಗಿಯ ಫೋಟೋ ಹುಡುಕಿ ಬಳಸುವವರು ಇನ್ನೊಂದನ್ನೂ ನೋಡಬೇಕು. ಪರವಾನಗಿಯಲ್ಲಿ ‘ಎನ್‌ಡಿ’ ಎಂಬ ಅಕ್ಷರಗಳಿದ್ದರೆ ಮಾರ್ಪಡಿಸಿದ ರೂಪವನ್ನು ಹಂಚುವಂತಿಲ್ಲ. ಬೇರೆ ಬಗೆಯದಾದರೆ ಮೂಲದವರ ಹೆಸರಿನ ಜೊತೆಗೆ, ಇದನ್ನು ಬದಲಾಯಿಸಿದ್ದೇನೆ ಎಂದೂ ಬರೆಯಬೇಕು.

ಮೊದಲೇ ಕೇಳಿಬಿಡುವುದು ಇದಕ್ಕಿಂತ ಎಷ್ಟೋ ಸುಲಭ. ಆದರೆ ‘ನಿಮ್ಮ ಫೋಟೋ ಬಳಸಲೇ?’ ಎಂದಷ್ಟೇ ಕೇಳಿದರೆ ನಾಳೆ ಜಗಳ ಉಳಿಯುತ್ತದೆ. ಯಾವ ಫೋಟೋ, ಅದನ್ನು ಏನು ಮಾಡುತ್ತೇನೆ, ಎಲ್ಲಿ ಹಾಕುತ್ತೇನೆ, ಮಾರುತ್ತೇನೆಯೇ, ಯಾರ ಹೆಸರು ಹಾಕುತ್ತೇನೆ ಎಂದು ಬರೆದು, ಮುಗಿದ ಚಿತ್ರವನ್ನೂ ಜೊತೆಗೆ ಕಳಿಸಿ. ಕೃತಿಸ್ವಾಮ್ಯ ಉಳ್ಳವರಿಗೂ ಕಳಿಸಿ, ಚಿತ್ರದಲ್ಲಿರುವವರಿಗೂ ಕಳಿಸಿ. ಉತ್ತರ ಬಾರದಿದ್ದರೆ ಒಪ್ಪಿದ್ದಾರೆ ಎಂದುಕೊಳ್ಳಬೇಡಿ.

ನಿಮ್ಮ ಫೋಟೋವನ್ನೇ ಯಾರಾದರೂ ಹೀಗೆ ಬಳಸಿಕೊಂಡಿದ್ದರೆ ಮೊದಲು ಅವರ ಪೋಸ್ಟಿನ ಸ್ಕ್ರೀನ್‌ಶಾಟ್ ಮತ್ತು ಲಿಂಕ್ ಉಳಿಸಿಕೊಳ್ಳಿ, ನಿಮ್ಮ ಮೂಲ ಫೈಲನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಆಮೇಲೆ ಜಾಲತಾಣಕ್ಕೆ ಲಿಖಿತ ದೂರು ಕೊಡಿ. ಕೃತಿಸ್ವಾಮ್ಯದ ದೂರು ಸರಿಯಿದೆ ಎನಿಸಿದರೆ ಅವರು 36 ಗಂಟೆಯೊಳಗೆ ಆ ಚಿತ್ರ ಯಾರಿಗೂ ಸಿಗದಂತೆ 21 ದಿನ ತಡೆಹಿಡಿಯಬೇಕು ಎಂದು ಭಾರತದ ನಿಯಮ ಹೇಳುತ್ತದೆ. ಅಷ್ಟರಲ್ಲಿ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅದನ್ನು ಮತ್ತೆ ತೆರೆಯಲು ಅವರಿಗೆ ಅವಕಾಶವಿದೆ.