ಕೈ ಕೊಟ್ಟ ಅನುವಾದ

‘ಕೊನೆಗಳಿಗೆಯಲ್ಲಿ ಅವನು ನನಗೆ ಕೈ ಕೊಟ್ಟ.’ ಇದನ್ನು ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದು ಬರೆದರೆ ವ್ಯಾಕರಣ ಸರಿ, ಪದಗಳೂ ಸರಿ. ಅಂಕ ಮಾತ್ರ ಸಿಗದು. ಇಂಗ್ಲಿಷಿನಲ್ಲಿ ಅದೂ ನುಡಿಗಟ್ಟೇ, ಆದರೆ ಅರ್ಥ ‘ನೆರವಾದ’ ಎಂದು. ನಂಬಿಸಿ ಕೈಬಿಟ್ಟವನು ಉಪಕಾರಿಯಾಗಿಬಿಟ್ಟ! ‘ಹಿ ಲೆಟ್ ಮಿ ಡೌನ್’ ಎಂದರೆ ಸರಿ. ಅಲ್ಲಿ ಕೈಯೂ ಇಲ್ಲ, ಕೊಡುವುದೂ ಇಲ್ಲ.

ನುಡಿಗಟ್ಟೋ ಅಲ್ಲವೋ ಎಂಬ ಅನುಮಾನ ಬಂದರೆ ಒಂದು ಪದ ಬದಲಿಸಿ ನೋಡಬೇಕು. ‘ಬಲಗೈ ಕೊಟ್ಟ’ ಎಂದೊಡನೆ ಮೋಸದ ಅರ್ಥ ಹಾರಿಹೋಗುತ್ತದೆ. ಅಂದರೆ ಆ ಅರ್ಥ ಇರುವುದು ಬಿಡಿಪದಗಳಲ್ಲಲ್ಲ, ಇಡೀ ಜೋಡಿಯಲ್ಲಿ. ಸುತ್ತಲಿನ ಮಾತನ್ನೂ ಗಮನಿಸಬೇಕು. ‘ಬಿದ್ದ ಅಜ್ಜಿಗೆ ಕೈ ಕೊಟ್ಟು ಎಬ್ಬಿಸಿದ’ ಎಂಬಲ್ಲಿ ಕೈ ನಿಜವಾದ ಕೈಯೇ. ಅಲ್ಲಿ ‘ಲೆಟ್ ಡೌನ್’ ಎಂದು ಬರೆದವರಿಗೂ ಸೊನ್ನೆಯೇ.