ಗಣಪತಿ ಕೂರಿಸುವ ಮೊದಲು ಬರೆಯುವ ಪುಸ್ತಕ

ಬೀದಿಯಲ್ಲಿ ಗಣಪತಿ ಕೂರಿಸುವ ಸಮಿತಿಯ ಮೊದಲ ಸಭೆ ಸಾಮಾನ್ಯವಾಗಿ ಚೌತಿಗೆ ಒಂದೂವರೆ ತಿಂಗಳು ಮುಂಚೆ ಸೇರುತ್ತದೆ. ಆಗ ಎಲ್ಲರಿಗೂ ಉತ್ಸಾಹ. "ಊಟ ನಾವು ನೋಡಿಕೊಳ್ತೀವಿ", "ಪೆಂಡಾಲ್ ಹುಡುಗರು ನೋಡಿಕೊಳ್ತಾರೆ" ಎನ್ನುವ ಮಾತು ಸುತ್ತುತ್ತವೆ. ಇದನ್ನೇ ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆದರೆ ಹಬ್ಬದ ದಿನ ಯಾರನ್ನೂ ಕೇಳುವಂತಿರುವುದಿಲ್ಲ. "ಹುಡುಗರು" ಎಂದರೆ ಯಾರು? ಕೆಲಸದ ಎದುರು ಒಬ್ಬರದೇ ಹೆಸರು, ಮುಗಿಯಬೇಕಾದ ದಿನ, ಖರ್ಚಿನ ಮಿತಿ, ಈ ಮೂರೂ ಇದ್ದಾಗ ಮಾತ್ರ ಅದು ಠರಾವು. ಜೊತೆಗೆ ಎಷ್ಟು ಜನ ಸಹಾಯಕರಾದರೂ ಇರಲಿ, ಉತ್ತರ ಹೇಳುವವರು ಒಬ್ಬರೇ ಇರಲಿ.

ಹೆಚ್ಚು ಜಗಳ ಹುಟ್ಟುವುದು ಚಂದಾದಲ್ಲಿ. ಅದರಲ್ಲಿ ಕಳ್ಳತನಕ್ಕಿಂತ ಮರೆವೇ ಹೆಚ್ಚೆಂದು ನನ್ನ ನಂಬಿಕೆ. ಒಂದು ಲೆಕ್ಕ ಕಲ್ಪಿಸಿಕೊಳ್ಳಿ. ಸಮಿತಿ ತಲಾ 50 ಹಾಳೆಯ ನಾಲ್ಕು ರಸೀದಿ ಪುಸ್ತಕ ಮುದ್ರಿಸಿತು. ಎರಡನೆಯದು, 51ರಿಂದ 100ರವರೆಗಿನದು, ಒಬ್ಬ ಸದಸ್ಯರ ಕೈಗೆ ಹೋಯಿತು. ಯಾರಿಗೆ, ಯಾವತ್ತು ಎಂಬುದು ನಡಾವಳಿಯಲ್ಲಿದೆ, ಪಕ್ಕದಲ್ಲಿ ಅವರ ಸಹಿಯೂ ಇದೆ. ಪುಸ್ತಕ ಮರಳಿದಾಗ 38 ಹಾಳೆ ಹರಿದಿವೆ, 12 ಖಾಲಿ. ಕೌಂಟರ್‌ಫಾಯಿಲ್‌ಗಳ ಮೊತ್ತ 19,500 ರೂಪಾಯಿ, ಕೈಯಲ್ಲಿರುವುದು 18,500. ಒಂದು ಸಾವಿರ ಎಲ್ಲಿ? ಒಂದೊಂದೇ ಹಾಳೆ ತಿರುವಿದಾಗ, "ನಾಳೆ ಕೊಡ್ತೀವಿ" ಎಂದ ಎರಡು ಮನೆಗಳಿಗೆ 500ರ ರಸೀದಿ ಮೊದಲೇ ಹರಿದುಕೊಟ್ಟಿದ್ದು ತಿಳಿಯುತ್ತದೆ. ಸಂಖ್ಯೆ ಬರೆದಿಡದಿದ್ದರೆ ಆ ಸದಸ್ಯರ ಮೇಲೆ ಇಲ್ಲದ ಅಪವಾದ ಬರುತ್ತಿತ್ತು. ಹಾಗಾಗಿ ಮುಂದಿನ ಠರಾವು ಹೀಗಿರಬೇಕು: ಹಣ ಕೈಗೆ ಬಂದ ಮೇಲೇ ರಸೀದಿ, ಒಪ್ಪಿದವರ ಹೆಸರಿಗೆ ಬೇರೆಯೇ ಪಟ್ಟಿ. ಫೋನಿನಲ್ಲಿ ಬಂದ ಹಣಕ್ಕೂ ರಸೀದಿ ಬೇಕು, ಇಲ್ಲವಾದರೆ ಬ್ಯಾಂಕಿನ ಲೆಕ್ಕವೂ ಪುಸ್ತಕದ ಲೆಕ್ಕವೂ ಕೂಡುವುದಿಲ್ಲ. ಅಕ್ಕಿ, ಬೆಲ್ಲ, ತೆಂಗಿನಕಾಯಿ ಕೊಟ್ಟವರನ್ನು ಸಾಮಾನಿನ ಅಳತೆಯಲ್ಲೇ ಬರೆಯಬೇಕು.

ಕಾರ್ಯಕ್ರಮದ ವೇಳೆಯನ್ನು ಹಿಂದಿನಿಂದ ಮುಂದಕ್ಕೆ ನಿಗದಿ ಮಾಡುವುದು ಒಳ್ಳೆಯದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ, ವಿಶೇಷ ವಿನಾಯಿತಿ ಇಲ್ಲದಿದ್ದರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮೆರವಣಿಗೆಗೆ ಮೂರು ಗಂಟೆ ಬೇಕು, ವಿಸರ್ಜನೆಗೆ ಒಂದು ಗಂಟೆ ಎಂದುಕೊಂಡರೆ ಗಣಪತಿ ಆರಕ್ಕೆ ಬೀದಿ ಬಿಡಬೇಕು, ಮಹಾಮಂಗಳಾರತಿ ಐದಕ್ಕೇ ಆಗಬೇಕು. ಮಧ್ಯಾಹ್ನದ ಊಟದ ಕೊನೆಯ ಪಂಕ್ತಿ ಮೂರೂವರೆಗೆ ಏಳದಿದ್ದರೆ ಇಡೀ ಸಂಜೆ ಜಾರುತ್ತದೆ. ಹಾಗಾಗಿ ಪಂಕ್ತಿ ಎಬ್ಬಿಸುವವರ ಹೆಸರೂ ನಡಾವಳಿಯಲ್ಲಿ ಇರಲೇಬೇಕು.

ವಿಸರ್ಜನೆಯಾದ ವಾರದೊಳಗೆ ಕೊನೆಯ ಸಭೆ. ಖಜಾಂಚಿ ಜಮಾ–ಖರ್ಚು ಓದುತ್ತಾರೆ, ಖಾಲಿ ಉಳಿದ ರಸೀದಿಗಳಿಗೆ ಅಡ್ಡಗೆರೆ ಎಳೆಯುತ್ತಾರೆ, ಉಳಿದ ಹಣ ಯಾರ ಬಳಿ, ಎಷ್ಟು ಎಂದು ಬರೆದು ಹಾಜರಿದ್ದವರೆಲ್ಲ ಸಹಿ ಹಾಕುತ್ತಾರೆ. ಮುಂದಿನ ವರ್ಷದ ಮೊದಲ ಸಭೆಯಲ್ಲಿ ಗಟ್ಟಿಯಾಗಿ ಓದುವುದು ಇದೇ ಪುಟವನ್ನು.